ಐವರ ಬಿಡುವು ಒಂದೇ ಗಂಟೆಗೆ ಹೊಂದಿಸುವುದು ಹೇಗೆ?

ಪ್ರಶ್ನೆ: ಆನ್‌ಲೈನ್ ಪ್ಯಾನೆಲ್ ಚರ್ಚೆಗೆ ಐದು ಜನ ಒಪ್ಪಿದ್ದಾರೆ. ಒಂದು ಗಂಟೆಯ ಮಾತು. ‘ಯಾವಾಗ ಬಿಡುವಿದೆ?’ ಎಂದು ಕೇಳಿದರೆ ‘ಮಧ್ಯಾಹ್ನ ಆಗಬಹುದು’, ‘ಗುರುವಾರ ಪರವಾಗಿಲ್ಲ’ ಅಂತಾರೆ. ಎರಡು ವಾರ ಕಳೆಯಿತು. ಏನು ಮಾಡಲಿ?

ಒಬ್ಬ ಸದಸ್ಯ: ಗ್ರೂಪ್‌ನಲ್ಲಿ ಪೋಲ್ ಹಾಕಿ, ಜಾಸ್ತಿ ವೋಟ್ ಬಂದ ಸಮಯ ಇಟ್ಟುಬಿಡಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಕಾರ್ಯಕ್ರಮ ಸಂಯೋಜಕಿ: ಕೇಳುಗರ ಸಮಯ ಹುಡುಕಲು ಪೋಲ್ ಚೆನ್ನಾಗಿರುತ್ತದೆ. ಇಲ್ಲಿ ನಾಲ್ಕು ವೋಟ್ ಬಿದ್ದ ಸಮಯವೂ ಸೋತ ಸಮಯವೇ, ಐದನೆಯವರು ಇರುವುದಿಲ್ಲವಲ್ಲ.

ನಿಮ್ಮ ಪ್ರಶ್ನೆಯನ್ನೇ ಬದಲಿಸಿ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯಿರಿ. ಮೂರು ದಿನಗಳನ್ನು ನೀವೇ ಹೆಸರಿಸಿ, ‘ಪ್ರತಿ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ?’ ಎಂದು ಕೇಳಿ. ಉತ್ತರಕ್ಕೊಂದು ಕೊನೆಯ ದಿನವೂ ಇರಲಿ. ಅತಿ ಕಡಿಮೆ ಬಿಡುವಿರುವವರನ್ನು ಮೊದಲು ಕೇಳಿ. ಅವರ ಸಮಯ ಬಂದ ಮೇಲೆ ಉಳಿದವರನ್ನು ಅದರೊಳಗೇ ಕೇಳಬಹುದು.

ಒಂದು ಗಂಟೆಯ ಚರ್ಚೆಗೆ ನಾನು ಹುಡುಕುವುದು ಒಂದೂವರೆ ಗಂಟೆ. ಮೈಕ್ ನೋಡಲು ಮೊದಲು 15 ನಿಮಿಷ, ಮಾತು ಎಳೆದರೆ ಕೊನೆಗೆ 15. ಒಮ್ಮೆ ನನಗೆ ಬಂದ ಸಮಯಗಳು ಹೀಗಿದ್ದವು: 2ರಿಂದ 6, 3ರಿಂದ 7, 1ರಿಂದ 5:30, 3:30ರಿಂದ 6, 4ರಿಂದ 8. ಎಲ್ಲರಿಗಿಂತ ತಡವಾಗಿ ಬರುವವರು 4ಕ್ಕೆ, ಬೇಗ ಹೋಗುವವರು 5:30ಕ್ಕೆ. ನಡುವೆ ಉಳಿದದ್ದು ಸರಿಯಾಗಿ ಒಂದೂವರೆ ಗಂಟೆ. ಕುಣಿಯುವ ಮೊದಲು ಒಂದು ಪ್ರಶ್ನೆ ಕೇಳಿದೆ: ‘4 ಗಂಟೆ ಅಂದರೆ ಇನ್ನೊಂದು ಮೀಟಿಂಗ್ ಮುಗಿಯುವ ಸಮಯವಾ?’ ಹೌದಂತೆ! ಅಂಥ ಮೀಟಿಂಗ್ 4ಕ್ಕೇ ಮುಗಿದದ್ದು ನಾನು ಕಂಡಿಲ್ಲ. ಅವರ ಮೈಕ್ ಹಿಂದಿನ ದಿನವೇ ನೋಡಿಬಿಟ್ಟೆ. ಚರ್ಚೆ 4:15ಕ್ಕೆ ಶುರುವಾಯಿತು, ಹಾಗಾಗಿ ಅವರು ತಡವಾದರೂ ನಡೆಯುತ್ತಿತ್ತು.

ಇನ್ನೊಬ್ಬ ಸದಸ್ಯೆ: ನಮ್ಮದೂ ಇದೇ ಕಥೆ, ಆದರೆ ಹಾಲ್ ಸಿಗಲಿಲ್ಲ. ಮೊದಲು ಹಾಲ್ ಬುಕ್ ಮಾಡಿ.

ಕೇಳಿದವರು: ನಮ್ಮದು ಆನ್‌ಲೈನ್, ಹಾಲ್ ಬೇಡ. ಆದರೆ ಒಬ್ಬರು ಬೇರೆ ದೇಶದಲ್ಲಿದ್ದಾರೆ. ಮತ್ತೆ, ಐವರಿಗೂ ಹೊಂದುವ ಸಮಯವೇ ಸಿಗದಿದ್ದರೆ?

ಸಂಯೋಜಕಿ: ಆ ಒಬ್ಬರಿಗೆ ಅವರ ಊರಿನ ಸಮಯವನ್ನೂ ನಮ್ಮ ಸಮಯವನ್ನೂ ಎರಡೂ ಬರೆಯಿರಿ. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ. ಕೇಳಿದ ದಿನಕ್ಕೂ ಚರ್ಚೆಯ ದಿನಕ್ಕೂ ನಡುವೆ ಅದು ಬಂದರೆ ಒಬ್ಬರು ಒಂದು ಗಂಟೆ ತಪ್ಪಿ ಬರುತ್ತಾರೆ.

ಸಮಯ ಸಿಗದಿದ್ದರೆ ಐವರನ್ನೂ ಮತ್ತೆ ಕೇಳಬೇಡಿ. ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಿ, ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಅಷ್ಟೆ. ‘ಅರ್ಧ ಗಂಟೆ ಸರಿಸಬಹುದಾ?’ ಎಂದು ಅವರನ್ನು ಮಾತ್ರ ಫೋನ್‌ನಲ್ಲಿ ಕೇಳಿ. ಸಮಯ ಗೊತ್ತಾದ ತಕ್ಷಣ ಕ್ಯಾಲೆಂಡರ್ ಆಹ್ವಾನ ಕಳಿಸಿ, ಬೇರೆ ದಿನಗಳನ್ನು ಬಿಟ್ಟುಕೊಟ್ಟಿದ್ದೇವೆ ಅಂತಲೂ ತಿಳಿಸಿ.

ಮೊದಲ ಸದಸ್ಯ: ಎಲ್ಲರೂ ಒಪ್ಪುವ ಮೊದಲೇ ಬೇರೆ ದಿನ ಬಿಟ್ಟರೆ, ಒಬ್ಬರು ಆಮೇಲೆ ಕೈಕೊಟ್ಟರೆ?

ಸಂಯೋಜಕಿ: ಎರಡು ದಿನ ಕಾಯುತ್ತೇನೆ. ಜಾಸ್ತಿ ಕಾದರೆ ಉಳಿದ ನಾಲ್ವರ ಸಮಯವೂ ತುಂಬಿ ಹೋಗುತ್ತದೆ.

ಮೊದಲ ಸದಸ್ಯ: ನಾನಾದರೆ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳುತ್ತೇನೆ, ಏನೇ ಅನ್ನಿ.