ಅಪ್‌ಡೇಟ್: ಚಕ್ಕುಲಿ ಈಗ ಎಣ್ಣೆ ಕುಡಿಯುತ್ತಿಲ್ಲ

ನಾನು ಕೇಳಿದ್ದು: "ಚಕ್ಕುಲಿ ಮುರಿದರೆ ಒಳಗೆ ಎಣ್ಣೆ ಜಿನುಗುತ್ತದೆ, ಏಕೆ?"

ಒತ್ತಲು ಹಗುರವಾಗಲಿ ಎಂದು ಹಿಟ್ಟನ್ನು ಸಡಿಲವಾಗಿ ಕಲಸುತ್ತಿದ್ದೆ. ನೀರು ಆವಿಯಾಗಿ ಬಿಟ್ಟ ಜಾಗಕ್ಕೆ ಎಣ್ಣೆ ಸೇರುತ್ತಿತ್ತು. ಈ ಸಲ ನೀರು ಚಿಮುಕಿಸುತ್ತಾ ಗಟ್ಟಿಯಾಗಿಯೇ ನಾದಿದೆ. ಒರಳಿನಿಂದ ಬರುವ ಎಳೆ ತುಂಡಾದಾಗ ಮಾತ್ರ ಕೈ ಒದ್ದೆ ಮಾಡಿಕೊಂಡು ಇನ್ನಷ್ಟು ನಾದಿದೆ. ಬೆಣ್ಣೆಯನ್ನೂ ಎರಡು ಲೋಟ ಅಕ್ಕಿ ಹಿಟ್ಟಿಗೆ ಎರಡೇ ಚಮಚಕ್ಕೆ ಇಳಿಸಿದೆ. ಅದು ಹೆಚ್ಚಾದರೂ ಚಕ್ಕುಲಿ ಎಣ್ಣೆ ಹೀರುತ್ತದೆ.

ದೊಡ್ಡ ತಪ್ಪು ಬಾಣಲೆಯಲ್ಲಿತ್ತು. ಥರ್ಮಾಮೀಟರ್ ಇಟ್ಟು ನೋಡಿದರೆ, ಒಮ್ಮೆಗೇ ಆರು ಬಿಟ್ಟಾಗ ಎಣ್ಣೆ 175 ಡಿಗ್ರಿಯಿಂದ 140ಕ್ಕೆ ಕುಸಿಯಿತು! ಮೂರೇ ಬಿಟ್ಟಾಗ 160ರ ಮೇಲೆಯೇ ನಿಂತಿತು. ಗುಳ್ಳೆಗಳ ಸದ್ದು ಪೂರ್ತಿ ಅಡಗಿದ ಮೇಲೆಯೇ ತೆಗೆದೆ. ಹಾಸನದ ಈ ಜಡಿಮಳೆಯಲ್ಲೂ ನಾಲ್ಕನೆಯ ದಿನಕ್ಕೆ ಡಬ್ಬಿಯ ತಳದ ಕಾಗದ ಒಣಗಿಯೇ ಇದೆ.