ಪದಚರ್ಚೆ: ‘ವರ್ತನಾ ಸಂದರ್ಶನ’ ಅಂದರೆ ಏನನ್ನು ಕೇಳುವುದು? ‘ಅಂಕಪಟ್ಟಿ’ ರೂಬ್ರಿಕ್ ಆಗುತ್ತದೆಯೇ?

ತುಮಕೂರಿನಿಂದ:
ಜೂನಿಯರ್ ಅಕೌಂಟೆಂಟ್ ಹುದ್ದೆಗೆ ಕನ್ನಡದಲ್ಲಿ ಪ್ರಶ್ನೆ ಸಿದ್ಧಮಾಡುತ್ತಿದ್ದೇನೆ. ಬಿಹೇವಿಯರಲ್ ಇಂಟರ್‌ವ್ಯೂಗೆ ‘ವರ್ತನಾ ಸಂದರ್ಶನ’ ಸರಿಯೇ? ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಡುವ ರೂಬ್ರಿಕ್‌ಗೆ ‘ಅಂಕಪಟ್ಟಿ’ ಎಂದರೆ ಮಾರ್ಕ್ಸ್ ಕಾರ್ಡ್ ಎಂದೇ ತಿಳಿಯುತ್ತಾರೆ. ಮೊದಲ ಪ್ರಶ್ನೆ: “ಬ್ಯಾಂಕ್ ಲೆಕ್ಕ ತಾಳೆಯಾಗದಿದ್ದರೆ ಏನು ಮಾಡುತ್ತೀರಿ?”

ಧಾರವಾಡದಿಂದ:
‘ನಡತೆ’ ಅಂದ್ರ ಸಾಕಲ್ರಿ. ಒಳಗ ಬಂದಾಗ ನಮಸ್ಕಾರ ಮಾಡ್ತಾರೋ ಇಲ್ಲೋ, ಕೇಳಿ ಕುರ್ಚಿ ಮ್ಯಾಲೆ ಕೂಡ್ತಾರೋ ಇಲ್ಲೋ, ಅದಕ್ಕ ಐದು ಅಂಕ ಇಡ್ರಿ.

ಬೆಂಗಳೂರಿನಿಂದ:
ನಡತೆಗೂ ಇದಕ್ಕೂ ಸಂಬಂಧವಿಲ್ಲ ಸರ್. ನಡೆದುಹೋದ ಒಂದು ಸಂದರ್ಭದಲ್ಲಿ ಅಭ್ಯರ್ಥಿ ನಿಜವಾಗಿ ಏನು ಮಾಡಿದರು ಎಂದು ಕೆದಕುವುದು ಇದು. ಅದಕ್ಕೇ ಪದಕ್ಕಿಂತ ಕ್ರಿಯಾಪದದ ಕಾಲ ಮುಖ್ಯ. ನಮ್ಮ ‘ಮಾಡುತ್ತೀರಿ’ ರೂಢಿಯನ್ನೂ ಹೇಳುತ್ತದೆ, ಭವಿಷ್ಯವನ್ನೂ ಹೇಳುತ್ತದೆ. ಹಾಗೆ ಕೇಳಿದರೆ ಪಠ್ಯಪುಸ್ತಕದ ಉತ್ತರ ಬರುತ್ತದೆ. ಹೀಗೆ ಕೇಳಿ: “ಪುಸ್ತಕಕ್ಕೂ ಬ್ಯಾಂಕ್ ಸ್ಟೇಟ್‌ಮೆಂಟಿಗೂ ಕೊನೆಯ ಸಲ ತಾಳೆಯಾಗದೆ ಇದ್ದದ್ದು ಯಾವಾಗ? ವ್ಯತ್ಯಾಸ ಎಷ್ಟಿತ್ತು? ಮೊದಲು ಏನನ್ನು ತೆರೆದು ನೋಡಿದಿರಿ?”

ಉತ್ತರದಲ್ಲಿ ‘ಸರಿಹೋಯಿತು’, ‘ಸರಿಪಡಿಸಲಾಯಿತು’ ಬಂದರೆ ಯಾರು ಸರಿಪಡಿಸಿದ್ದು ಎಂದು ಮತ್ತೆ ಕೇಳಿ. ಕರ್ತೃ ಮಾಯವಾಗುವುದು ಅಲ್ಲೇ.

ಅಂಕಕ್ಕೆ 1, 3, 5 ಮೂರು ಮೆಟ್ಟಿಲು ಸಾಕು. ವ್ಯತ್ಯಾಸವನ್ನು, ಕಾರಣ ತಿಳಿಯದ ಮೊತ್ತ ಇಡುವ ಸಸ್ಪೆನ್ಸ್ ಖಾತೆಗೆ ಹಾಕಿ ತಿಂಗಳು ಮುಗಿಸಿದವರಿಗೆ 1. ಸಾಲುಸಾಲಾಗಿ ಟಿಕ್ ಹಾಕಿ ಹುಡುಕಿ ತೆಗೆದವರಿಗೆ 3. ನಗದಾಗದ ಚೆಕ್ಕು, ಬ್ಯಾಂಕ್ ಶುಲ್ಕ ಬೇರ್ಪಡಿಸಿ, ಉಳಿದ 900 ರೂಪಾಯಿಯ ಜಾಡು ಹಿಡಿದು 5,490 ಎಂಬುದು 4,590 ಆಗಿದ್ದ ವೋಚರ್ ಕಂಡು, ಮೇಲಿನವರಿಗೆ ತಿಳಿಸಿ ತಿದ್ದಿದವರಿಗೆ 5. ‘ಉತ್ತಮ’, ‘ಸಾಧಾರಣ’ ಎಂದಷ್ಟೇ ಬರೆದಿಟ್ಟರೆ ಇಬ್ಬರು ಸಂದರ್ಶಕರು ಒಂದೇ ಉತ್ತರಕ್ಕೆ 2, 5 ಕೊಟ್ಟು ಕೂರುತ್ತಾರೆ. ಇಬ್ಬರೂ ಮಾತಾಡಿಕೊಳ್ಳುವ ಮೊದಲೇ ಅಂಕ ಬರೆದುಬಿಡಲಿ.

ಹೆಸರಿಗೆ ‘ಪ್ರಸಂಗ ಪ್ರಶ್ನೆ’, ‘ಅಂಕಸೂಚಿ’ ಆಗಬಹುದು.

ಮಂಗಳೂರಿನಿಂದ:
ನಮ್ಮಲ್ಲಿ ಪ್ರಸಂಗ ಎಂದರೆ ಯಕ್ಷಗಾನ ಮಾರಾಯ್ರೆ, ಚೆಂಡೆ ಯಾರು ತರುವುದು? ಮತ್ತೆ 900 ಒಂಬತ್ತರಿಂದ ಭಾಗವಾಗುವುದರಿಂದ ಅಂಕಿ ಅದಲುಬದಲು ಎಂದು ನೋಡಿದ ಕೂಡಲೇ ಹೇಳಬಹುದಲ್ಲ. ಅಷ್ಟು ಹೇಳಿದವರಿಗೆ 5 ಕೊಡಬಹುದು.

ಬೆಂಗಳೂರಿನಿಂದ:
ಅದು ಅನುಮಾನಕ್ಕೆ ದಾರಿ, ಸಾಕ್ಷ್ಯವಲ್ಲ. 1,000 ಬದಲು 100 ಎಂದು ಒಂದು ಸೊನ್ನೆ ಬಿಟ್ಟರೂ ವ್ಯತ್ಯಾಸ 900ವೇ. ಸೂತ್ರ ಹೇಳಿ ವೋಚರ್ ತೆಗೆಯದವರಿಗೆ 3ಕ್ಕಿಂತ ಹೆಚ್ಚು ಕೊಡಲಾರೆ. ಪ್ರಸಂಗದ ಮಾತು ಒಪ್ಪಿದೆ, ‘ನಡೆದದ್ದರ ಪ್ರಶ್ನೆ’ ಎನ್ನೋಣವೇ?

ತುಮಕೂರಿನಿಂದ:
ಬರುವವರಲ್ಲಿ ಅರ್ಧ ಜನ ಈಗಷ್ಟೇ ಬಿ.ಕಾಂ. ಮುಗಿಸಿದವರು. ಬ್ಯಾಂಕ್ ತಾಳೆ ಮಾಡಿಯೇ ಇಲ್ಲದವರಿಗೆ ಏನು ಕೇಳಲಿ?

ಬೆಂಗಳೂರಿನಿಂದ:
ಕಾಲೇಜು ಹಬ್ಬದ ಖರ್ಚು, ಹಾಸ್ಟೆಲ್ ಮೆಸ್ ಲೆಕ್ಕ, ಯಾವುದಾದರೂ ಸರಿ. ನಗದಿಗೂ ರಸೀದಿಗೂ ಹೊಂದದಿದ್ದಾಗ ಏನು ಮಾಡಿದರು ಎಂದು ಕೇಳಿ, ಅದೇ ಮೆಟ್ಟಿಲುಗಳಲ್ಲಿ ಅಳೆಯಿರಿ. ಆದರೆ ಅವರ 5 ಮತ್ತು ಎರಡು ವರ್ಷ ಕೆಲಸ ಮಾಡಿದವರ 5 ಒಂದೇ ತೂಕವೇ ಎಂಬುದರಲ್ಲಿ ನಮ್ಮಲ್ಲೇ ಎರಡು ಅಭಿಪ್ರಾಯವಿದೆ.

ಧಾರವಾಡದಿಂದ:
ಹಂಗಾರ ನಮಸ್ಕಾರಕ್ಕ ಒಂದು ಅಂಕನೂ ಇಲ್ಲೇನ್ರಿ?