ಪ್ಯಾಪ್ ರಿಪೋರ್ಟ್‌ನಲ್ಲಿ ‘ಅನ್‌ಸ್ಯಾಟಿಸ್‌ಫ್ಯಾಕ್ಟರಿ’ ಎಂದು ಬಂದಿದೆ

ಕುಮಟಾ ಸದಸ್ಯೆ: ಡಾಕ್ಟರ್ ಮೇಡಂ, ನನಗೆ 53. ಮುಟ್ಟು ನಿಂತು ಎರಡು ವರ್ಷ ಆಯ್ತು. ಪ್ಯಾಪ್ ಟೆಸ್ಟ್ ರಿಪೋರ್ಟ್‌ನಲ್ಲಿ ‘ಅನ್‌ಸ್ಯಾಟಿಸ್‌ಫ್ಯಾಕ್ಟರಿ, ಅಟ್ರೋಫಿಕ್’ ಎಂದಿದೆ. ಒಳಗೆ ಹಚ್ಚುವ ಕ್ರೀಮ್ ಬರೆದುಕೊಟ್ಟು, ಮತ್ತೆ ಬನ್ನಿ ಎಂದರು. ಕ್ಯಾನ್ಸರ್ ಇರಬಹುದಾ? ಎದೆಯ ಟೆಸ್ಟೂ ಈಗಲೇ ಬೇಕಾ?

ಅಂಕೋಲಾ ಸದಸ್ಯೆ: ಅಕ್ಕಾ, ಮುಟ್ಟು ನಿಂತವರಿಗೆ ಈ ಟೆಸ್ಟ್ ಸರಿಯಾಗಿ ಬರುವುದೇ ಇಲ್ಲ. ಸುಮ್ನೆ ಬಿಟ್ಟುಬಿಡಿ.

ಡಾಕ್ಟರ್ (ಸ್ತ್ರೀರೋಗ, ಕಾರವಾರ): ಕಾಯಿಲೆ ಇದೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಪ್ಯಾಪ್‌ನಲ್ಲಿ ಗರ್ಭಕೋಶದ ಬಾಯಿಯಿಂದ ಬ್ರಷ್‌ನಲ್ಲಿ ಜೀವಕೋಶ ತೆಗೆದು ಗಾಜಿನ ಮೇಲೆ ನೋಡುತ್ತಾರೆ, ನಿಮ್ಮದರಲ್ಲಿ ಬೇಕಾದಷ್ಟು ಸಿಗಲಿಲ್ಲ, ಅಷ್ಟೇ. ಅಂಕೋಲಾದವರು ಹೇಳಿದ್ದರಲ್ಲಿ ಅರ್ಧ ನಿಜ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುತ್ತದೆ, ಒಳಗಿನ ಚರ್ಮ ತೆಳುವಾಗಿ ಒಣಗುತ್ತದೆ, ‘ಅಟ್ರೋಫಿಕ್’ ಎಂದರೆ ಇದೇ. ಗರ್ಭಕೋಶದ ಬಾಯಿಯಲ್ಲಿ ತೊಂದರೆ ಶುರುವಾಗುವ ಜಾಗ ಮೆಲ್ಲಗೆ ಒಳಗೆ ಸರಿದುಬಿಡುತ್ತದೆ. ಬ್ರಷ್ ಅಲ್ಲಿಗೆ ಮುಟ್ಟುವುದು ಕಷ್ಟ. ಆದರೆ ಬಿಟ್ಟುಬಿಡುವುದು ಸರಿಯಲ್ಲ, ಮಾಡುವ ಕ್ರಮ ಬದಲಿಸಬೇಕು.

ಸಾಮಾನ್ಯವಾಗಿ ಈಸ್ಟ್ರೊಜೆನ್ ಕ್ರೀಮನ್ನು ಕೆಲವು ವಾರ ಹಚ್ಚಿ, ಟೆಸ್ಟ್‌ಗೆ ಕೆಲವು ದಿನ ಮುಂಚೆ ನಿಲ್ಲಿಸುತ್ತೇವೆ. ಎರಡರಿಂದ ನಾಲ್ಕು ತಿಂಗಳೊಳಗೆ ಮತ್ತೆ ಸ್ಯಾಂಪಲ್. ಹಿಂದಿನ ಎರಡು ದಿನ ಸಂಭೋಗ, ಒಳಗಿಡುವ ಔಷಧಿ ಬೇಡ.

ಇನ್ನೊಂದು ದಾರಿ ಎಚ್‌ಪಿವಿ ಟೆಸ್ಟ್. ಅದು ಜೀವಕೋಶದ ರೂಪ ನೋಡುವುದಿಲ್ಲ, ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್ ಹುಡುಕುತ್ತದೆ. ನಿಮ್ಮ ವಯಸ್ಸಿನವರಿಗೆ ನಾನು ಅದನ್ನೇ ಹೆಚ್ಚು ಇಷ್ಟಪಡುತ್ತೇನೆ. ನೆಗೆಟಿವ್ ಬಂದರೆ ಸಾಮಾನ್ಯವಾಗಿ 5 ವರ್ಷದ ನಂತರ ನೋಡಿದರೆ ಸಾಕು. ಪ್ಯಾಪ್ ಒಂದೇ ಆದರೆ 3 ವರ್ಷ.

ಮುಟ್ಟು ನಿಂತ ಮೇಲೆ ಒಂದು ಹನಿಯಾದರೂ ರಕ್ತ ಕಂಡಿದೆಯಾ?

ಭಟ್ಕಳ ಸದಸ್ಯೆ: ಎಚ್‌ಪಿವಿ ಅಂದ್ರೆ ಆ ಇಂಜೆಕ್ಷನ್ ಅಲ್ವಾ? ಮಗಳಿಗೆ ಹಾಕಿಸಿದ್ದೇವೆ.

ಡಾಕ್ಟರ್: ಅದು ಲಸಿಕೆ. ಒಳ್ಳೆಯದೇ ಮಾಡಿದಿರಿ. ಇದು ಟೆಸ್ಟ್, ನಿಮಗೆ ಬೇಕಾದದ್ದು ಇದು.

ಶಿರಸಿ ಸದಸ್ಯೆ: ಗಡ್ಡೆ ಅಂತ ನನ್ನ ಗರ್ಭಕೋಶ ತೆಗೆದಿದ್ದಾರೆ. ನನಗೂ ಬೇಕಾ? ಆಶಾ ಕಾರ್ಯಕರ್ತೆ ಕ್ಯಾಂಪಿಗೆ ಬನ್ನಿ ಎನ್ನುತ್ತಿದ್ದಾಳೆ.

ಡಾಕ್ಟರ್: ಅಕ್ಕಾ, ಡಿಸ್ಚಾರ್ಜ್ ಕಾಗದ ತೆಗೆದು ನೋಡಿ. ಬಾಯಿಯ ಸಮೇತ ತೆಗೆದಿದ್ದು, ಆಗ ಬಯಾಪ್ಸಿಯಲ್ಲಿ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಇಲ್ಲದಿದ್ದರೆ, ಹಿಂದೆಯೂ ಅಂಥದ್ದು ಬಂದಿಲ್ಲವಾದರೆ ಬೇಡ. ಮೇಲಿನ ಭಾಗ ಮಾತ್ರ ತೆಗೆದಿದ್ದರೆ ಬೇಕು. ಕಾಗದ ಕಳೆದಿದ್ದರೆ ಒಮ್ಮೆ ಒಳಗೆ ನೋಡಿಸಿಕೊಂಡರೆ ಗೊತ್ತಾಗುತ್ತದೆ. ಕ್ಯಾಂಪಿನಲ್ಲಿ ಎದೆಯನ್ನೂ ನೋಡುತ್ತಾರೆ, ಅದಕ್ಕಾದರೂ ಹೋಗಿ.

ಕ್ಯಾಂಪಿನ ಬಗ್ಗೆ ಇನ್ನೊಂದು ಮಾತು. ಅಲ್ಲಿ ಸಾಮಾನ್ಯವಾಗಿ ಗರ್ಭಕೋಶದ ಬಾಯಿಗೆ ಅಸಿಟಿಕ್ ಆಮ್ಲ ಹಚ್ಚಿ ಬೆಳ್ಳಗಾಗುತ್ತದಾ ಎಂದು ನೋಡುತ್ತಾರೆ. 30ರಿಂದ 65ರವರೆಗಿನ ಕಾರ್ಯಕ್ರಮ ಅದು. 35–40ರವರಿಗೆ ಚೆನ್ನಾಗಿದೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗವೇ ಒಳಗಿರುವುದರಿಂದ ‘ನಾರ್ಮಲ್’ ಎಂದರೂ ಪೂರ್ತಿ ನಂಬಬೇಡಿ.

ಕುಮಟಾ ಸದಸ್ಯೆ: ಮೇಡಂ, ಹೋದ ತಿಂಗಳು ಒಂದು ಸಲ ಒಳಉಡುಪಿನಲ್ಲಿ ಕಂದು ಕಲೆ ಇತ್ತು. ಸ್ವಲ್ಪವೇ. ಟೆಸ್ಟ್ ಮಾಡುವಾಗ ಹೇಳಲಿಲ್ಲ, ಅದೇನು ದೊಡ್ಡದಲ್ಲ ಎಂದುಕೊಂಡೆ.

ಡಾಕ್ಟರ್: ಹಾಗಾದರೆ ಮಾತೇ ಬೇರೆ. ಕ್ರೀಮ್ ಈಗಲೇ ಶುರು ಮಾಡಬೇಡಿ, ನಾಳೆಯೇ ನಿಮ್ಮ ಡಾಕ್ಟರಿಗೆ ಈ ಕಲೆಯ ವಿಷಯ ಹೇಳಿ. ರಕ್ತಕ್ಕೆ ಕಾರಣ ಗೊತ್ತಾಗದೆ ಈಸ್ಟ್ರೊಜೆನ್ ಹಚ್ಚುವುದಿಲ್ಲ. ಮೊದಲು ಒಳಗಿನಿಂದ ಮಾಡುವ ಸ್ಕ್ಯಾನ್. ಗರ್ಭಕೋಶದ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪವಿದ್ದರೆ ಸ್ವಲ್ಪ ತುಂಡು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ತೆಳುವಿದ್ದರೆ ಹೆಚ್ಚಾಗಿ ಬರೀ ಒಣಗುವಿಕೆಯಿಂದಲೇ. ಆದರೂ ಮತ್ತೆ ಕಂಡರೆ ಮತ್ತೆ ಹೋಗಬೇಕು. ಪ್ಯಾಪ್ ಈ ಕಾರಣವನ್ನು ಹುಡುಕುವ ಟೆಸ್ಟ್ ಅಲ್ಲ, ಅದು ನಾರ್ಮಲ್ ಬಂದಿದ್ದರೂ ಸ್ಕ್ಯಾನ್ ಬೇಕೇ ಆಗುತ್ತಿತ್ತು.

ಅಂಕೋಲಾ ಸದಸ್ಯೆ: ಅಯ್ಯೋ, ನಾನು ಬಿಟ್ಟುಬಿಡಿ ಎಂದೆ!

ಡಾಕ್ಟರ್: ಇನ್ನು ಎದೆ. ಮುಟ್ಟು ನಿಂತ ಮೇಲೆ ಗ್ರಂಥಿ ಕಡಿಮೆಯಾಗಿ ಕೊಬ್ಬು ಹೆಚ್ಚುವುದರಿಂದ ಮ್ಯಾಮೊಗ್ರಾಂ, ಅಂದರೆ ಎದೆಯ ಎಕ್ಸ್‌ರೇ, ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಎಂಬುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತವಿಲ್ಲ. ಮನೆಯಲ್ಲಿ ಯಾರಿಗೂ ಸ್ತನ ಕ್ಯಾನ್ಸರ್ ಇರದಿದ್ದರೆ ಎರಡು ವರ್ಷ ಸಾಕು ಎನ್ನುವವಳು ನಾನು. ಮಾಡಿಸಲು ಆಗದಿದ್ದರೆ ತರಬೇತಿ ಪಡೆದವರ ಕೈಪರೀಕ್ಷೆಯನ್ನು ಹಗುರ ಮಾಡಬೇಡಿ. ಮುಂಬೈಯಲ್ಲಿ ಟಾಟಾ ಆಸ್ಪತ್ರೆ ಎರಡು ವರ್ಷಕ್ಕೊಮ್ಮೆ ಕೈಯಲ್ಲಿ ನೋಡಿಸಿದಾಗ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು 30% ಕಡಿಮೆಯಾಯಿತು. 50ಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ.

ಶಿರಸಿ ಸದಸ್ಯೆ: ನನ್ನ ಮ್ಯಾಮೊಗ್ರಾಂನಲ್ಲಿ ‘ಬೈರಾಡ್ಸ್ 0’ ಎಂದಿತ್ತು. ಸೊನ್ನೆ ಅಂದ್ರೆ ಏನೂ ಇಲ್ಲ ಅಲ್ವಾ?

ಡಾಕ್ಟರ್: ಅಲ್ಲ! ಸೊನ್ನೆ ಎಂದರೆ ಚಿತ್ರ ಪೂರ್ತಿಯಾಗಿಲ್ಲ, ಇನ್ನೊಂದು ಕೋನದಿಂದಲೋ ಅಲ್ಟ್ರಾಸೌಂಡ್‌ನಲ್ಲೋ ನೋಡಬೇಕು ಎಂದು. ‘ಏನೂ ಇಲ್ಲ’ ಎನ್ನುವುದು 1. ಯಾವ ತಿಂಗಳಿನದು ಅದು?

ಶಿರಸಿ ಸದಸ್ಯೆ: ಹೋದ ದೀಪಾವಳಿ ಹೊತ್ತಿನದು.

ಡಾಕ್ಟರ್: ಫಿಲ್ಮ್, ಕಾಗದ ಎರಡನ್ನೂ ತೆಗೆದುಕೊಂಡು ಈ ವಾರವೇ ಹೋಗಿ. ಹುಬ್ಬಳ್ಳಿಗೆ ಹೋದರೂ ಹಳೆಯದನ್ನು ಬಿಟ್ಟು ಹೋಗಬೇಡಿ, ಹೋಲಿಸಿ ನೋಡಲು ಅದು ಬೇಕು.